ಬಂಗಾರಪೇಟೆಯ ಬೋರ್ಡಿನಲ್ಲಿ ಬಂಗಾಳ ಕೊಲ್ಲಿ

ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ, ಎಲ್ಲ ಸ್ಟೇಷನ್ನುಗಳಲ್ಲಿ ಇರುವಂಥದೇ ಒಂದು ಹಳದಿ ಬೋರ್ಡಿದೆ. ಊರಿನ ಹೆಸರು ದಪ್ಪ ಅಕ್ಷರದಲ್ಲಿ. ಅದರ ಕೆಳಗೆ, ಯಾರೂ ಓದದ ಪುಟ್ಟ ಅಕ್ಷರದಲ್ಲಿ ಸಮುದ್ರ ಮಟ್ಟದಿಂದ ಊರು ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ. ಎಂಟುನೂರು ಮೀಟರಿಗೂ ಮೇಲೆ. ಮಾರಿಕುಪ್ಪಂ ರೈಲಿಗೆ ಕಾಯುತ್ತಾ ವರ್ಷಗಟ್ಟಲೆ ಆ ಬೋರ್ಡಿನ ಕೆಳಗೆ ನಿಂತಿದ್ದೇನೆ. ಇಲ್ಲಿ ಸಮುದ್ರದ ಮಾತು ಏಕೆ ಬಂತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಯೋಚಿಸುವ ಹಾಗೆ ಮಾಡಿದ್ದು ಕೆಜಿಎಫ್‌ನ ಒಂದು ಹೈಸ್ಕೂಲು. ಸೆಪ್ಟೆಂಬರಿನ ಕೊನೆಯ ಗುರುವಾರ ವಿಶ್ವ ಕಡಲಯಾನ ದಿನ. ಆ ದಿನ ಹವಾಮಾನಕ್ಕೂ ಜನರ ಬದುಕಿಗೂ ಸಾಗರ ಏಕೆ ಬೇಕು ಎಂದು ಮಕ್ಕಳಿಗೆ ಮಾತಾಡಿ ಎಂದು ಹೆಡ್‌ಮಿಸ್ ಫೋನ್ ಮಾಡಿದರು. "ಮೇಡಂ, ಇದು ಮಂಗಳೂರಿನವರನ್ನು ಕರೆದು ಹೇಳಿಸಬೇಕಾದ ವಿಷಯ" ಎಂದೆ. "ಅವರಿಗೆ ಸಮುದ್ರ ಮನೆ ಮುಂದೇ ಇದೆ ಸಾರ್, ಹೇಳೋದು ಏನಿದೆ? ನಮ್ಮ ಮಕ್ಕಳು ಅರ್ಧಕ್ಕರ್ಧ ಸಮುದ್ರಾನೇ ನೋಡಿಲ್ಲ" ಎಂದರು. ಮಾತು ಸರಿ ಅನ್ನಿಸಿತು. ಆ ದಿನ ಹೇಳಿದ್ದನ್ನು, ವೇಳೆಯಾಯಿತೆಂದು ನುಂಗಿಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳ ಮುಂದೆ ಮೊದಲು ಇಟ್ಟದ್ದು ಆ ಬೋರ್ಡಿನ ಲೆಕ್ಕವನ್ನೇ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ನಾವು ನಿಂತಿರುವ ನೆಲ ಸಮುದ್ರ ಮಟ್ಟದಿಂದ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಎತ್ತರ. ಕಳೆದು ನೋಡಿದರೆ ಗಣಿಯ ತಳ ಸಮುದ್ರ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ. ಬಂಗಾಳ ಕೊಲ್ಲಿಯ ಸರಾಸರಿ ಆಳ ಸುಮಾರು 2.6 ಕಿಲೋಮೀಟರ್. ನಿಮ್ಮ ತಾತಂದಿರು ಕೇಜಿನಲ್ಲಿ ಇಳಿದು ಕೆಲಸ ಮಾಡುತ್ತಿದ್ದ ಜಾಗ ಹೆಚ್ಚೂಕಡಿಮೆ ಸಮುದ್ರದ ತಳದಷ್ಟು ಆಳದಲ್ಲಿತ್ತು ಎಂದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಯಿತು. ಅಲ್ಲಿ ಕಲ್ಲಿನ ಶಾಖ 65 ಡಿಗ್ರಿಯ ಹತ್ತಿರ. ಅಷ್ಟೇ ಆಳದ ಸಮುದ್ರದಲ್ಲಿ ನೀರು ಮೂರು ಡಿಗ್ರಿಯ ಆಸುಪಾಸಿನಲ್ಲಿ ಕೊರೆಯುತ್ತಿರುತ್ತದೆ. ಭೂಮಿಯಲ್ಲಿ ಕೆಳಗಿಳಿದಷ್ಟೂ ಬಿಸಿ, ಸಮುದ್ರದಲ್ಲಿ ಕೆಳಗಿಳಿದಷ್ಟೂ ತಂಪು. ಮಳೆಯ ಕಥೆಯೆಲ್ಲ ಇರುವುದು ಆ ತಂಪು ನೀರಿನ ಮೇಲೆ ಹೊದ್ದ ತೆಳುವಾದ ಬಿಸಿ ಪದರದಲ್ಲಿ.

ಹಾಗೆ ನೋಡಿದರೆ ಈ ಊರನ್ನು ಕಟ್ಟಿದ್ದೇ ಕಡಲ ದಾರಿ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಗಣಿ ಕೈಗೆತ್ತಿಕೊಂಡಾಗ ಬಂದ ಕಸುಬುದಾರರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು ಬಹಳ. ಅವರ ನಾಡಿನ ಲೆವಂಟ್ ಎಂಬ ಗಣಿಯ ಸುರಂಗಗಳು ಅಟ್ಲಾಂಟಿಕ್ ಸಮುದ್ರದ ಅಡಿಯಲ್ಲೇ ಹೋಗಿವೆ. ಸಮುದ್ರದ ಕೆಳಗೆ ಕಲ್ಲು ಒಡೆಯುತ್ತಿದ್ದ ಜನ ಹಡಗು ಹತ್ತಿ ಸಮುದ್ರವೇ ಕಾಣದ ಊರಿಗೆ ಬಂದು ಮತ್ತೆ ಆಳಕ್ಕೆ ಇಳಿದರು. ಇದು ಚರಿತ್ರೆಯ ಮಾತು, ಇರಲಿ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆದರೆ ಸಮುದ್ರದ ಜೊತೆಗಿನ ವ್ಯವಹಾರ ಮುಚ್ಚಿಲ್ಲ. ಅದು ಈಗ ನಲ್ಲಿಯಲ್ಲಿ ಬರುತ್ತದೆ, ಅಥವಾ ಬರುವುದಿಲ್ಲ.

ಭೂಪಟ ತೆಗೆದು ನೋಡಿ. ಮಂಗಳೂರು, ಕೆಜಿಎಫ್, ಚೆನ್ನೈ ಮೂರೂ ಹೆಚ್ಚೂಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ದಾರ ಎಳೆದು ಪೋಣಿಸಿದ ಹಾಗೆ. ಆ ದಾರದ ಮೇಲೆ ಕೆಜಿಎಫ್‌ನಿಂದ ಮಂಗಳೂರಿನ ಕಡಲು ಸುಮಾರು 370 ಕಿಲೋಮೀಟರ್. ಚೆನ್ನೈನ ಕಡಲು ಸುಮಾರು 215. ಕರ್ನಾಟಕದವರಾದ ನಮಗೆ ಸಮುದ್ರ ಎಂದರೆ ಅರಬ್ಬಿ ಸಮುದ್ರ, ಮಳೆ ಎಂದರೆ ಜೂನ್, ಪಾಠದಲ್ಲಿ ಆಗುಂಬೆ. ಕೋಲಾರಕ್ಕೆ ಮಾತ್ರ ಈ ಪಾಠ ಅರ್ಧ ಮಾತ್ರ ನಿಜ. ಅರಬ್ಬಿ ಸಮುದ್ರದ ಮುಂಗಾರು ಘಟ್ಟ ಹತ್ತುವಷ್ಟರಲ್ಲೇ ತನ್ನ ಬಹುಪಾಲು ನೀರನ್ನು ಅಲ್ಲೇ ಸುರಿದುಬಿಡುತ್ತದೆ. ಜೂನ್ ಜುಲೈನಲ್ಲಿ ನಮ್ಮ ಮೇಲೆ ಹಾದುಹೋಗುವುದು ಹಿಂಡಿದ ಬಟ್ಟೆಯಂಥ ಗಾಳಿ. ವರ್ಷಕ್ಕೆ ನಮಗೆ ಸಿಗುವ ಮಳೆ 740 ಮಿಲಿಮೀಟರಿನ ಆಸುಪಾಸು. ಅದರಲ್ಲಿ ರಾಗಿ ಬಿತ್ತುವಷ್ಟು ಮಳೆ ಮುಂಗಾರಿನದು. ಕೆರೆಗೆ ನೀರು ಬರುವ ಮಳೆ ಹೆಚ್ಚಾಗಿ ಸೆಪ್ಟೆಂಬರಿನಿಂದ ಈಚೆಗೆ. ಹಸ್ತ, ಚಿತ್ತೆ, ಸ್ವಾತಿ, ವಿಶಾಖ. ಆಗ ಗಾಳಿ ತಿರುಗಿ ಮೂಡಲಿಂದ ಬೀಸುತ್ತದೆ. ಆ ಮೋಡ ಬರುವುದು ಬಂಗಾಳ ಕೊಲ್ಲಿಯಿಂದ. ನಮ್ಮಜ್ಜಿ ಅದಕ್ಕೆ 'ಸೈಕ್ಲೋನ್' ಎಂದೇ ಹೇಳುತ್ತಿದ್ದಳು. ಕನ್ನಡ, ತೆಲುಗು, ತಮಿಳು ಮೂರೂ ಬೆರೆಸಿ ಮಾತಾಡುವ ಅವಳಿಗೆ ಇಂಗ್ಲಿಷ್ ಗೊತ್ತಿದ್ದದ್ದೇ ನಾಲ್ಕು ಮಾತು. ಅದರಲ್ಲಿ ಇದೂ ಒಂದು.

ಈ ಕೊಲ್ಲಿ ಅಕ್ಟೋಬರ್ ನವೆಂಬರಿನಲ್ಲೂ ಏಕೆ ಅಷ್ಟು ಬೆಚ್ಚಗಿರುತ್ತದೆ? ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ ಎಂದು ಎರಡು ಹಾರ್ಲಿಕ್ಸ್ ಬಾಟಲಿ, ಒಂದು ಹಿಡಿ ಕಲ್ಲುಪ್ಪು, ಒಂದು ಇಂಕ್ ಬಾಟಲಿ ಕಟ್ಟಿಕೊಂಡು ಹೋಗಿದ್ದೆ. ಒಂದು ಬಾಟಲಿಯ ಅರ್ಧಕ್ಕೆ ಉಪ್ಪು ಚೆನ್ನಾಗಿ ಕರಗಿಸಿದ ನೀರು. ಇನ್ನೊಂದಕ್ಕೆ ಬರೀ ನಲ್ಲಿ ನೀರು. ಎರಡೂ ನೋಡಲು ಬಂಗಾರಪೇಟೆ ಪಾನಿಪೂರಿಯ ಪಾನಿಯ ಹಾಗೆ ತಿಳಿ. ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕರೆದು, ನೀಲಿ ಇಂಕು ಹಾಕಿದ ಸಿಹಿನೀರನ್ನು ಚಮಚದ ಬೆನ್ನ ಮೇಲಿಂದ ನಿಧಾನವಾಗಿ ಎರಡಕ್ಕೂ ಬಿಡಲು ಹೇಳಿದೆ. ನಲ್ಲಿ ನೀರಿನ ಬಾಟಲಿಯಲ್ಲಿ ನೀಲಿ ಹೊಗೆಯ ಹಾಗೆ ಇಳಿದು ಕ್ಷಣದಲ್ಲಿ ಎಲ್ಲ ನೀಲಿಯಾಯಿತು. ಉಪ್ಪುನೀರಿನ ಬಾಟಲಿಯಲ್ಲಿ ಹಾಗಾಗಲಿಲ್ಲ. ಮೇಲೆ ನೀಲಿ, ಕೆಳಗೆ ತಿಳಿ, ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ. "ಊದು" ಎಂದೆ. ಅವಳು ಕೆನ್ನೆ ಉಬ್ಬಿಸಿ ಊದಿದಳು. ಮೇಲ್ಗಡೆ ಅಲೆ ಎದ್ದಿತು, ಗೆರೆ ಅಲ್ಲೇ ಇತ್ತು.

ಬಂಗಾಳ ಕೊಲ್ಲಿ ಇದೇ ಬಾಟಲಿ. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆ ಎಲ್ಲ ಮಳೆಗಾಲದಲ್ಲಿ ತಂದು ಸುರಿಯುವುದು ಇಲ್ಲಿಗೆ. ಕೊಲ್ಲಿಯ ಮೇಲೇ ಬೀಳುವ ಮಳೆ ಬೇರೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಅದಕ್ಕೇ ಕಡಿಮೆ ಉಪ್ಪಿನ ತೆಳು ಪದರವೊಂದು ಮೇಲೆ ಹಾಸಿಕೊಂಡು ಕೂರುತ್ತದೆ. ಸಾಮಾನ್ಯವಾಗಿ ಗಾಳಿ ಬೀಸಿದಾಗ ಸಮುದ್ರ ಕಲಕಿ ಕೆಳಗಿನ ತಣ್ಣೀರು ಮೇಲಕ್ಕೆ ಬರಬೇಕು. ಇಲ್ಲಿ ಆ ಗೆರೆ ಅಡ್ಡ ಬರುತ್ತದೆ. ಬಿಸಿಲಿನ ಶಾಖ ಮೇಲಿನ ಪದರದಲ್ಲೇ ಉಳಿಯುತ್ತದೆ. ಹೀಗಾಗಿ ಕೊಲ್ಲಿಯ ಮೈ ಆ ತಿಂಗಳುಗಳಲ್ಲೂ 28 ಡಿಗ್ರಿಯ ಆಚೀಚೆ ಇರುತ್ತದೆ. ಚಂಡಮಾರುತ ಹುಟ್ಟಲು 26.5 ಡಿಗ್ರಿಯಷ್ಟಾದರೂ ಬೇಕು ಎನ್ನುವುದು ಹವಾಮಾನದವರ ಅಂದಾಜು. ಅದು ಇಲ್ಲಿ ಸಲೀಸಾಗಿ ಸಿಗುತ್ತದೆ. ಗಾಳಿ ಎಷ್ಟು ಎತ್ತರದಲ್ಲಿ ಯಾವ ಕಡೆ ಬೀಸುತ್ತಿದೆ ಎಂಬಂಥ ಬೇರೆ ಷರತ್ತುಗಳೂ ಕೂಡಿಬರಬೇಕು, ಬರೀ ಬಿಸಿನೀರಿನಿಂದ ಮಳೆ ಹುಟ್ಟುವುದಿಲ್ಲ. ಆದರೆ ಒಲೆ ಮಾತ್ರ ಸದಾ ಹೊತ್ತಿಕೊಂಡೇ ಇರುತ್ತದೆ.

ಒಲೆಯ ಉರಿ ಎಷ್ಟು ಎಂದು ತಿಳಿಯಲು ಕರೆಂಟ್ ಬಿಲ್ಲಿನ ಲೆಕ್ಕ ಹಾಕಿದೆವು. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ಕರೆಂಟ್ ತಂದ ಊರು ಇದು, ಯೂನಿಟ್ಟಿನ ಲೆಕ್ಕ ಇಲ್ಲಿ ಹೇಳಿದರೆ ಸಲ್ಲುತ್ತದೆ. ಒಂದು ಲೀಟರ್ ನೀರು ಸಮುದ್ರದಿಂದ ಆವಿಯಾಗಲು ಬೇಕಾದ ಶಾಖ ಸುಮಾರು ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ, ಅಂದರೆ 0.68 ಯೂನಿಟ್. ಒಂದು ಎಕರೆ ಹೊಲದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ ನಲವತ್ತು ಲೋಡು. ಅಷ್ಟನ್ನು ಆವಿ ಮಾಡಲು ಸಮುದ್ರ ಖರ್ಚು ಮಾಡಿದ ಶಾಖ ಎರಡೂಮುಕ್ಕಾಲು ಲಕ್ಷ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಉರಿಸುವ ಮನೆಗೆ ಅದು ಇನ್ನೂರಿಪ್ಪತ್ತೊಂಬತ್ತು ವರ್ಷಕ್ಕೆ ಸಾಕು. ಒಂದು ಎಕರೆಗೆ, ಒಂದು ಮಳೆಗೆ. ಆವಿ ಮತ್ತೆ ನೀರಾಗುವಾಗ ಆ ಶಾಖವೆಲ್ಲ ಮೋಡದೊಳಗೇ ಬಿಡುಗಡೆಯಾಗುತ್ತದೆ. ಸುಳಿಯನ್ನು ತಿರುಗಿಸುವ ಬಲ ಅದೇ.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು. ಬೆಚ್ಚಗಿನ ಸಮುದ್ರದಿಂದ ದಿನಕ್ಕೆ ಆವಿಯಾಗುವುದು ನಾಲ್ಕು ಮಿಲಿಮೀಟರಿನ ಹತ್ತಿರ, ಅಷ್ಟೇ. ನಮ್ಮೂರಲ್ಲಿ ಒಂದೇ ದಿನ ನೂರು ಮಿಲಿಮೀಟರ್ ಸುರಿದರೆ, ಒಂದು ಎಕರೆಗೆ ಬಿದ್ದ ನೀರನ್ನು ಸಮುದ್ರದ ಇಪ್ಪತ್ತೈದು ಎಕರೆ ಆ ದಿನವೆಲ್ಲ ದುಡಿದು ಕೊಟ್ಟಿರಬೇಕು. ಇಪ್ಪತ್ತೈದು ಹೊಲದ ಬೆಳೆಯನ್ನು ಒಂದು ಕಣಕ್ಕೆ ಹೊತ್ತು ತಂದು ಸುರಿದ ಹಾಗೆ. ಹೊತ್ತು ತರುವ ಆ ಕೂಲಿಯಾಳೇ ವಾಯುಭಾರ ಕುಸಿತ. ಅದಿಲ್ಲದೆ ಮೂಡಣ ಗಾಳಿ ಸುಮ್ಮನೆ ಬೀಸಿದರೆ ಕರಾವಳಿಗೆ ನಾಲ್ಕು ಹನಿ, ನಮಗೆ ಮೋಡ, ಚಳಿ. ಅದಕ್ಕೇ ನಮ್ಮ ಕಡೆ ಹಿಂಗಾರು ದಿನವೂ ಬರುವ ಮಳೆಯಲ್ಲ. ಬಂದರೆ ಮೂರು ದಿನ ಜಡಿ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ.

2021ರ ನವೆಂಬರ್ ತೆಗೆದುಕೊಳ್ಳಿ. ವಿಶಾಖ ಮುಗಿದು ಅನುರಾಧ ಕಾಲಿಡುವ ಹೊತ್ತು. ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತವೊಂದು 19ರ ಬೆಳಗಿನ ಜಾವ ಪುದುಚೇರಿ ಮತ್ತು ಚೆನ್ನೈ ನಡುವೆ ನೆಲ ಮುಟ್ಟಿತು. ಅದು ಚಂಡಮಾರುತವೂ ಆಗಿರಲಿಲ್ಲ, ಅದಕ್ಕೊಂದು ಹೆಸರೂ ಇರಲಿಲ್ಲ. ಗಾಳಿ ಗಂಟೆಗೆ 63 ಕಿಲೋಮೀಟರ್ ಮುಟ್ಟಿದರೆ ಮಾತ್ರ ಹೆಸರಿಡುತ್ತಾರೆ. ಆದರೆ ನೆಲ ಮುಟ್ಟಿದ್ದು ನಮ್ಮ ನೇರಕ್ಕೆ, ಮತ್ತು ಸಾಗಿದ್ದು ಒಳನಾಡಿನತ್ತ. ಕೋಲಾರದ ಮೇಲೆ ಜಡಿ ಹಿಡಿಯಿತು. ಹಳ್ಳಗಳು ತುಂಬಿ ಪಾಲಾರ್ ಹರಿಯಿತು. ಬೇತಮಂಗಲದ ಕೆರೆ ಕೋಡಿ ಬಿತ್ತು.

ಬೇತಮಂಗಲ ಕೋಡಿ ಬೀಳುವುದು ಎಂದರೆ ಏನು ಎಂದು ಹೊರಗಿನವರಿಗೆ ಹೇಳಬೇಕು. ಗಣಿಗೂ ಗಣಿ ಕಾಲೊನಿಗಳಿಗೂ ನೀರು ಬರುತ್ತಿದ್ದದ್ದು ಅಲ್ಲಿಂದ. ನಂದಿಬೆಟ್ಟದ ಕಡೆಯಿಂದ ಬರುವ ಪಾಲಾರಿಗೆ ಕಟ್ಟಿದ ಕೆರೆ ಅದು. ಆ ನೀರನ್ನು ಶೋಧಿಸಿ, ಪಂಪು ಮಾಡಿ, ಪೈಪಿನಲ್ಲಿ ಕೆಜಿಎಫ್‌ಗೆ ತರುತ್ತಿದ್ದರು. ಕೊಲ್ಲಿಯ ಮಳೆ ಕೈಕೊಟ್ಟ ವರ್ಷ ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು, ನಲ್ಲಿಯಲ್ಲಿ ಗಾಳಿ ಬಂತು. ಹಾಗಾಗಿ ಆ ನವೆಂಬರಿನಲ್ಲಿ ಜನ ಕೋಡಿ ನೋಡಲು ಜಾತ್ರೆಗೆ ಹೋದ ಹಾಗೆ ಹೋದರು. ನಾನೂ ಹೋಗಿದ್ದೆ. ಕಟ್ಟೆಯ ಮೇಲೆ ನಿಂತವರೊಬ್ಬರು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೋಡೋ, ಪಾಲಾರ್ ಅಂದರೆ ಇದು" ಎಂದು ತೋರಿಸುತ್ತಿದ್ದರು. ಆ ಹುಡುಗ ಅದುವರೆಗೆ ಪಾಲಾರ್ ಎಂದರೆ ಮರಳು ಎಂದುಕೊಂಡಿದ್ದನೋ ಏನೋ.

ಆದರೆ ಕೆರೆ ಕೋಡಿಯ ಹಿಗ್ಗನ್ನಷ್ಟೇ ಮಕ್ಕಳಿಗೆ ಹೇಳಿ ಬಂದಿದ್ದರೆ ಅರ್ಧ ಸುಳ್ಳಾಗುತ್ತಿತ್ತು. ನವೆಂಬರ್ ಮೂರನೇ ವಾರ ರಾಗಿ ಕೊಯ್ಯುವ ಕಾಲ. ತೆನೆ ಬಲಿತು ನಿಂತಿದ್ದ ಪೈರು ಮಲಗಿತು. ಕೊಯ್ದು ಹೊಲದಲ್ಲೇ ಬಿಟ್ಟಿದ್ದ ತೆನೆಯಲ್ಲಿ ಮೊಳಕೆ ಬಂತು. ಮೊಳೆತ ರಾಗಿಯನ್ನು ಗುರುತಿಸುವುದು ಕಷ್ಟವಲ್ಲ: ತೆನೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಕಾಳಿನ ಜೊತೆ ಬಿಳಿ ದಾರದಂಥ ಬೇರು ಕೈಗೆ ಹತ್ತುತ್ತದೆ. ಹುಲ್ಲು ಕಪ್ಪಾಗಿ ದನ ಮೂಸುವುದಿಲ್ಲ. ಟೊಮೆಟೊ ಕಥೆಯೂ ಅದೇ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ತೋಟದಲ್ಲಿ ನೀರು ನಿಂತು ಗಿಡ ಕೊಳೆತು, ನಗರಗಳಲ್ಲಿ ಕಿಲೋ ನೂರು ರೂಪಾಯಿ ಮುಟ್ಟಿದಾಗ ಇಲ್ಲಿ ಬಾಕ್ಸು ತುಂಬಲು ಹಣ್ಣಿರಲಿಲ್ಲ. ಬೆಲೆ ಇದ್ದಾಗ ಬೆಳೆ ಇಲ್ಲ ಎಂಬ ಗಾದೆಯಂಥ ಮಾತನ್ನು ರೈತರು ಆ ವರ್ಷ ಮಂಡಿಯಲ್ಲೇ ನಿಂತು ಆಡಿಕೊಂಡರು. ಕೆಳಗಡೆ ವೇಲೂರಿನಲ್ಲಿ ಇದೇ ಪಾಲಾರ್ ದಂಡೆ ಮೀರಿ ಮನೆಗಳಿಗೆ ನುಗ್ಗಿತು. 1903ರ ನವೆಂಬರಿನಲ್ಲಿ ಇದೇ ನದಿ ಉಕ್ಕಿ ವಾಣಿಯಂಬಾಡಿಯಲ್ಲಿ ನೂರಾರು ಜೀವ ತೆಗೆದುಕೊಂಡಿತ್ತು. ಅಂದರೆ ಇದು ಹೊಸ ಕಾಟವೇನಲ್ಲ.

ಹಾಗಾದರೆ ಹೊಸತು ಏನು? ಒಲೆಯ ಉರಿ. ನಾವು ಕಲ್ಲಿದ್ದಲು, ಡೀಸೆಲ್ ಸುಟ್ಟು ಭೂಮಿಯಲ್ಲಿ ಹೆಚ್ಚುವರಿಯಾಗಿ ಹಿಡಿದಿಟ್ಟ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲು ಸಮುದ್ರ ನುಂಗಿದೆ. ಸಮುದ್ರದ ಮೇಲಿನ ಸುಮಾರು ಮೂರು ಮೀಟರ್ ನೀರೊಂದೇ ಇಡೀ ಆಕಾಶದ ಗಾಳಿಯಷ್ಟು ಶಾಖ ಹಿಡಿಯಬಲ್ಲದು. ಅದಿಲ್ಲದಿದ್ದರೆ ಬಿಸಿಲು ನಮ್ಮನ್ನು ಎಂದೋ ಹುರಿದುಬಿಡುತ್ತಿತ್ತು. ನುಂಗಿದ್ದನ್ನು ಸಮುದ್ರ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ನೂರಕ್ಕೆ ಏಳರಷ್ಟು ಹೆಚ್ಚು ಆವಿ ಹೊರಬಲ್ಲದು. ಏಳು ಎಂದರೆ ಕಡಿಮೆ ಎನ್ನಿಸಬಹುದು. ಆದರೆ ಈ ಏಳು ವರ್ಷಪೂರ್ತಿ ಹಂಚಿಕೊಂಡು ಬರುವುದಿಲ್ಲ, ಸುರಿಯುವ ದಿನವೇ ಕೂಡಿಕೊಂಡು ಬರುತ್ತದೆ. ಕೆರೆಯ ತೂಬು, ಕೋಡಿಯ ಕಲ್ಲು, ರಾಜಕಾಲುವೆಯ ಅಗಲ ಇವೆಲ್ಲ ಹಿಂದಿನವರು ತಮ್ಮ ಕಾಲದ ಮಳೆ ನೋಡಿ ಇಟ್ಟ ಅಳತೆ. ಆ ಕಾಲುವೆಯನ್ನು ಅರ್ಧ ಮುಚ್ಚಿ ಸೈಟು ಮಾಡಿದ್ದು ನಾವು. ಅದನ್ನು ಸಮುದ್ರದ ತಲೆಗೆ ಕಟ್ಟುವುದು ಬೇಡ ಎಂದೆ. ಟೀಚರುಗಳು ನಕ್ಕರು, ಮಕ್ಕಳಿಗೆ ಅರ್ಥವಾಗಲಿಲ್ಲ.

ಒಬ್ಬ ಹುಡುಗ ಎದ್ದು ಕೇಳಿದ: "ಸಾರ್, ಸಮುದ್ರ ಬಿಸಿ ಆದರೆ ನಮಗೆ ಮಳೆ ಜಾಸ್ತಿ ಬರಬೇಕಲ್ಲ, ಒಳ್ಳೇದೇ ಅಲ್ವಾ?" ಒಳ್ಳೆಯ ಪ್ರಶ್ನೆ. ಉತ್ತರಕ್ಕೆ 2016ಕ್ಕೆ ಹೋಗಬೇಕು. ಆ ವರ್ಷ ದಕ್ಷಿಣದಲ್ಲಿ ಹಿಂಗಾರು ಮಳೆ ಶತಮಾನದ ದಾಖಲೆಗಳಲ್ಲೇ ತೀರಾ ಕಡಿಮೆಯಾದವುಗಳಲ್ಲಿ ಒಂದು. ಹಾಗೆಂದು ಕೊಲ್ಲಿ ತಣ್ಣಗಿರಲಿಲ್ಲ. ಡಿಸೆಂಬರ್ 12ಕ್ಕೆ ವಾರ್ದಾ ಎಂಬ ಚಂಡಮಾರುತ ಚೆನ್ನೈನಲ್ಲೇ ನೆಲ ಮುಟ್ಟಿ ಸಾವಿರಾರು ಮರ ಉರುಳಿಸಿತು. ನಮ್ಮ ಕೆರೆಗಳು ಮಾತ್ರ ಒಣಗಿಯೇ ಇದ್ದವು. ಒಂದು ದೊಡ್ಡ ಗಾಳಿ ಬಂದು ಹೋಗುವುದು ಬೇರೆ, ನಾಲ್ಕಾರು ಸಾಧಾರಣ ಕುಸಿತಗಳು ಒಂದರ ಹಿಂದೊಂದು ಬಂದು ನೆಲ ನೆನೆಸಿ, ಹಳ್ಳ ಹರಿಸಿ, ಕೆರೆ ತುಂಬಿಸುವುದು ಬೇರೆ. ಒಣಗಿದ ನೆಲ ಮೊದಲ ಮಳೆಯನ್ನು ತಾನೇ ಕುಡಿದುಬಿಡುತ್ತದೆ. ಕೆರೆಗೆ ಬರುವುದು ಎರಡನೆಯದೋ ಮೂರನೆಯದೋ. 2023ರ ಡಿಸೆಂಬರಿನ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿ, ಕರಾವಳಿಯ ಗುಂಟ ಉತ್ತರಕ್ಕೆ ತಿರುಗಿ, ಆಂಧ್ರದ ಬಾಪಟ್ಲದ ಬಳಿ ನೆಲ ಮುಟ್ಟಿತು. ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಅಷ್ಟೆಲ್ಲ ನೀರು ಸುರಿದರೂ ನಮ್ಮ ಕೆರೆ ತುಂಬುವ ಮಳೆ ಅದರಿಂದ ಬರಲಿಲ್ಲ.

ಹಾಗಾಗಿ ಟಿವಿಯಲ್ಲಿ ಕೆಂಪು ಬಣ್ಣದ ಸುಳಿ ತೋರಿಸಿದಾಗ ಕೋಲಾರದವರು ನೋಡಬೇಕಾದದ್ದು ಅದರ ಹೆಸರನ್ನಲ್ಲ, ಅದು ಎಲ್ಲಿ ನೆಲ ಮುಟ್ಟುತ್ತದೆ ಎಂಬುದನ್ನು. ನಾಗಪಟ್ಟಿಣಂ ಮತ್ತು ನೆಲ್ಲೂರಿನ ನಡುವೆ ಆದರೆ ನಮ್ಮ ಕಡೆ ಕಣ್ಣಿಡಬೇಕು. ಅದಕ್ಕಿಂತ ಮೇಲಕ್ಕೆ ಹೋದರೆ ಬರೀ ತಣ್ಣನೆ ಗಾಳಿ ಸಿಗುವುದೇ ಹೆಚ್ಚು. ಆಮೇಲೆ ಅದರ ನಡಿಗೆ. ನಿಧಾನವಾಗಿ ಒಳಕ್ಕೆ ತೆವಳುವ ದುರ್ಬಲ ಕುಸಿತ ಓಡಿಹೋಗುವ ಭಾರೀ ಚಂಡಮಾರುತಕ್ಕಿಂತ ಹೆಚ್ಚು ನೀರು ಕೊಡಬಹುದು. ರಾಗಿ ಕೊಯ್ಲಿಗೆ ದಿನ ಗೊತ್ತು ಮಾಡುವವರಿಗೆ ಈ ಎರಡು ಸಂಗತಿ ಸಾಕು. ಹವಾಮಾನ ಇಲಾಖೆ ನಾಲ್ಕೈದು ದಿನ ಮುಂಚೆಯೇ ದಾರಿಯ ಅಂದಾಜು ಹೇಳುತ್ತದೆ. ಐದು ದಿನ ಸಿಕ್ಕರೆ ಕೊಯ್ದ ತೆನೆಯನ್ನು ಬಣವೆ ಹಾಕಿ ಟಾರ್ಪಾಲು ಹೊದಿಸಬಹುದು. ಒಂದೇ ದಿನ ಮುಂಚೆ ಗೊತ್ತಾದರೆ ಆಗದು, ಹಸಿ ತೆನೆಯ ಬಣವೆ ಒಳಗೇ ಕಾವೆದ್ದು ಮುಗ್ಗುತ್ತದೆ.

ಕೊನೆಗೆ ನಾಲ್ಕು ನಿಮಿಷ ಉಳಿದಿತ್ತು. ಊದಿದ ಹುಡುಗಿಯೇ ಕೈ ಎತ್ತಿದಳು. ಬೇತಮಂಗಲದಿಂದ ಕೋಡಿ ಹರಿದ ನೀರು ಎಲ್ಲಿಗೆ ಹೋಯಿತು ಎಂದು ಕೇಳಿದಳು. ಆಂಧ್ರದ ಮೂಲೆ ದಾಟಿ, ವಾಣಿಯಂಬಾಡಿ, ಆಂಬೂರು, ವೇಲೂರು ಹಾದು, ಚೆನ್ನೈಗೆ ದಕ್ಷಿಣದಲ್ಲಿ ಸಮುದ್ರಕ್ಕೆ ಎಂದೆ. ಒಟ್ಟು 348 ಕಿಲೋಮೀಟರಿನ ನದಿಯಲ್ಲಿ ನಮ್ಮ ಪಾಲು 93. "ಯಾವ ಸಮುದ್ರಕ್ಕೆ?" "ಅದೇ, ಬಂಗಾಳ ಕೊಲ್ಲಿಗೆ." ಅವಳು ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡಿದಳು. "ಹಾಗಾದರೆ ನಾವೂ ಮೇಲಿನ ನೀಲಿಗೆ ಸ್ವಲ್ಪ ಹಾಕಿದೆವು" ಎಂದಳು. ಆ ಉತ್ತರ ನನಗೆ ಹೊಳೆದಿರಲಿಲ್ಲ.

ಬಾಟಲಿಗಳನ್ನು ಶಾಲೆಯಲ್ಲೇ ಬಿಟ್ಟು ಬಂದೆ. ಶನಿವಾರ ಹೆಡ್‌ಮಿಸ್ ಫೋನ್ ಮಾಡಿದ್ದರು. ಉಪ್ಪುನೀರಿನ ಬಾಟಲಿಯನ್ನು ಯಾರೂ ಅಲ್ಲಾಡಿಸಬಾರದು ಎಂದು ಮಕ್ಕಳು ಸ್ಟಾಫ್ ರೂಮಿನ ಬೀರುವಿನ ಮೇಲೆ ಚೀಟಿ ಅಂಟಿಸಿ ಇಟ್ಟಿದ್ದಾರಂತೆ. ಗೆರೆ ಸ್ವಲ್ಪ ಮಬ್ಬಾಗಿದೆ, ಇನ್ನೂ ಇದೆ ಎಂದರು.